ಉದ್ದದ ಥ್ಯಾಂಕ್ಸ್ ಮೆಸೇಜನ್ನು ಮೂರು ವಾಕ್ಯಕ್ಕೆ ಇಳಿಸುವುದು

“ಕೆಲಸ ಬಿಟ್ಟು ಹೋಗ್ತಿರೋ ಮೇಡಂಗೆ ಬರೆದ ಥ್ಯಾಂಕ್ಸ್ ಒಂದೂವರೆ ಪುಟ ಆಗಿದೆ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನ ರಿಪೋರ್ಟ್ ಅವರೇ ಮುಗಿಸಿ, ‘ನೀನು ಅಲ್ಲೇ ಇರು’ ಅಂದಿದ್ರು. ಅದೂ ಇದೆ. ಮೂರು ವಾಕ್ಯಕ್ಕೆ ಇಳಿಸಿದ್ರೆ ಒಣಒಣ ಅನ್ಸುತ್ತೆ.”

ಘಟನೆಯನ್ನು ಕತ್ತರಿಸಿ ಹೊಗಳಿಕೆ ಉಳಿಸಿಕೊಂಡರೆ ಒಣಗಿಯೇ ಒಣಗುತ್ತೆ. ಉಲ್ಟಾ ಮಾಡಿ. ‘ನಿಮ್ಮಂಥ ದೊಡ್ಡ ಮನಸ್ಸು ಯಾರಿಗೂ ಇಲ್ಲ’ ಅನ್ನೋದನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಅಂಥವೆಲ್ಲ ಹೋಗಲಿ. ‘ಹೇಗೆ ಹೇಳಲಿ ಗೊತ್ತಾಗ್ತಿಲ್ಲ’, ‘ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ’ ಕೂಡ ಬೇಡ. ಓದಿದವರೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ. (ನಾನೂ ಹೀಗೇ ಬರೀತಿದ್ದೆ.)

ಮೊದಲ ವಾಕ್ಯದಲ್ಲಿ ಅವರು ಮಾಡಿದ್ದು, ಎರಡನೆಯದರಲ್ಲಿ ಅದರಿಂದ ನಿಮಗಾದದ್ದು, ಕೊನೆಗೆ ಥ್ಯಾಂಕ್ಸ್:

“ಮೇಡಂ, ಅಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನ ರಿಪೋರ್ಟ್ ನೀವೇ ಮುಗಿಸಿ, ‘ನೀನು ಅಲ್ಲೇ ಇರು’ ಅಂದಿರಿ. ಆಫೀಸಿನ ಚಿಂತೆ ಇಲ್ಲದೆ ಅಪ್ಪನ ಪಕ್ಕ ಕೂರೋಕೆ ಆಗಿದ್ದು ಅದರಿಂದಲೇ. ಅದನ್ನು ಮರೆಯಲ್ಲ, ತುಂಬಾ ಥ್ಯಾಂಕ್ಸ್.”

ಅವರು ಆಡಿದ ಮಾತನ್ನು ಹಾಗೇ ಇಟ್ಟಿದ್ದೇನೆ, ಬಿಸಿ ಇರೋದು ಅಲ್ಲೇ. ಉಳಿದ ನೆನಪುಗಳನ್ನೂ ಕಾಮಾ ಹಾಕಿ ಇದರೊಳಗೆ ತುರುಕಬೇಡಿ. ಎದುರು ಸಿಕ್ಕಾಗ ಹೇಳಿ.