ಉಬ್ಬಸ ಬಂದಾಗ ಕುತ್ತಿಗೆಯ ಸ್ನಾಯು ಎದ್ದು ಕಾಣುವುದೇಕೆ?

ಪ್ರಶ್ನೆ: ಅಮ್ಮನಿಗೆ ಆಸ್ತಮಾ ಇದೆ. ಉಬ್ಬಸ ಜಾಸ್ತಿಯಾದಾಗ ಕುತ್ತಿಗೆಯ ನರ ಹಗ್ಗದ ಹಾಗೆ ಬಿಗಿಯುತ್ತದೆ. ಆಕ್ಸಿಮೀಟರ್ 96 ತೋರಿಸುತ್ತದೆ. ಹೆದರಬೇಕಾ?

ಉತ್ತರ: ಅದು ನರವಲ್ಲ, ಸ್ನಾಯು. ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುತ್ತದೆ. ಸುಮ್ನೆ ಕೂತಾಗ ಉಸಿರಾಟದ ಬಹುಪಾಲು ಕೆಲಸ ಎದೆ ಮತ್ತು ಹೊಟ್ಟೆಯ ನಡುವೆ ಇರುವ ಸ್ನಾಯುವಿನ ಪರದೆ, ಅಂದರೆ ವಪೆಯದೇ; ಕುತ್ತಿಗೆಯ ಈ ಸ್ನಾಯುವಿಗೆ ರಜೆ. ಮೆಟ್ಟಿಲು ಓಡಿ ಹತ್ತಿದಾಗ ಇದು ಸೇರಿಕೊಂಡರೆ ಸಹಜ. ಕೂತಲ್ಲೇ ಸೇರಿಕೊಂಡರೆ ಅಲ್ಲ.

ಆಸ್ತಮಾದಲ್ಲಿ ಗಾಳಿ ಪೂರ್ತಿ ಹೊರಹೋಗದೆ ಒಳಗೇ ಉಳಿಯುತ್ತದೆ. ಶ್ವಾಸಕೋಶ ಉಬ್ಬಿ, ಗುಮ್ಮಟದಂತಿರುವ ವಪೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ವಪೆಗೆ ಇನ್ನಷ್ಟು ಕೆಳಗೆ ಎಳೆಯಲು ಜಾಗವೇ ಇಲ್ಲ. ಆಗ ಕುತ್ತಿಗೆಯ ಸ್ನಾಯುಗಳು ಎದೆಗೂಡನ್ನೇ ಮೇಲಕ್ಕೆ ಎತ್ತುತ್ತವೆ. ಗಾಳಿ ಹೊರದೂಡಲು ಹೊಟ್ಟೆಯ ಸ್ನಾಯು ಬಿಗಿಯುತ್ತದೆ. ಅಮ್ಮ ಮಂಡಿಗೆ ಕೈಯೂರಿ ಮುಂದೆ ಬಾಗಿ ಕೂರುತ್ತಾರೆ, ಅಲ್ವಾ? ತೋಳು ಊರಿದರೆ ಎದೆಯ ಸ್ನಾಯುಗಳೂ ಪಕ್ಕೆಲುಬು ಎಳೆಯಬಲ್ಲವು.

96 ನೋಡಿ ಸಮಾಧಾನ ಪಡಬೇಡಿ. ಆ ಅಂಕಿ ನಿಂತಿರುವುದೇ ಈ ಹೆಚ್ಚುವರಿ ದುಡಿಮೆಯಿಂದ. ಆಕ್ಸಿಮೀಟರ್ ಆಮ್ಲಜನಕ ಅಳೆಯುತ್ತದೆ, ಶ್ರಮವನ್ನಲ್ಲ. ಇನ್‌ಹೇಲರ್ ತೆಗೆದುಕೊಂಡರೂ ಕುತ್ತಿಗೆ ಸಡಿಲವಾಗದಿದ್ದರೆ, ಒಂದು ವಾಕ್ಯ ಮುಗಿಸಲು ಆಗದಿದ್ದರೆ ಆಸ್ಪತ್ರೆಗೆ ಹೊರಡಿ.

ಮನೆಯವರು ಮೋಸ ಹೋಗುವುದು ಇನ್ನೊಂದು ಕಡೆ. ಕುತ್ತಿಗೆ ಸಡಿಲವಾಯಿತು, ಸುಯ್ ಶಬ್ದ ನಿಂತಿತು, ಆದರೆ ಅಮ್ಮ ಮಂಪರಿನಲ್ಲಿದ್ದಾರೆ ಅಂದರೆ ಅದು ಗುಣವಲ್ಲ. ಸ್ನಾಯುಗಳು ಸೋತಿವೆ. ಉಸಿರೆಳೆದಾಗ ಹೊಟ್ಟೆ ಉಬ್ಬುವ ಬದಲು ಒಳಗೆ ಹೋಗುವುದೂ ವಪೆ ದಣಿದಿರುವ ಗುರುತು. ಆಗ ತಡ ಮಾಡದೆ 108ಕ್ಕೆ ಕರೆ ಮಾಡಿ.