ಫೋಟೋದಲ್ಲಿರೋ ಬಾಗಿಲು ನಮ್ಮದಲ್ಲ

“ಡೆಲಿವರಿ ಆಗಿದೆ ಅಂತ ಫೋಟೋ ತೋರಿಸ್ತಾರೆ, ಆ ಬಾಗಿಲು ನಮ್ಮದಲ್ಲ. ಮಾರಾಟಗಾರರು ದುಡ್ಡು ವಾಪಸ್ ಕೊಡ್ತಿಲ್ಲ. ಏನು ಮಾಡಲಿ?”

ಬಹುಶಃ ಪಕ್ಕದ ಮನೆಯಲ್ಲೋ ಬೇರೆ ಮಹಡಿಯಲ್ಲೋ ಇಟ್ಟುಹೋಗಿದ್ದಾರೆ, ಮೊದಲು ಅಲ್ಲಿ ವಿಚಾರಿಸಿ. ಸಿಗದಿದ್ದರೆ ಟ್ರ್ಯಾಕಿಂಗ್ ನಂಬರ್, ಸಮಯ, ಫೋಟೋ ಮೂರೂ ಕಾಣುವಂತೆ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ಪುಟ ಆಮೇಲೆ ತೆರೆಯದೇ ಹೋಗಬಹುದು. ಅದೇ ಕೋನದಿಂದ, ಅಷ್ಟೇ ದೂರದಿಂದ ನಿಮ್ಮ ಬಾಗಿಲಿನ ಫೋಟೋ ತೆಗೆಯಿರಿ, ಮನೆ ನಂಬರ್ ಕಾಣಲಿ. ವ್ಯತ್ಯಾಸ ಬರೆಯುವಾಗ ಬಣ್ಣವನ್ನು ನೆಚ್ಚಬೇಡಿ, ಬೆಳಕಿಗೆ ಬಣ್ಣ ಬೇರೆಯಾಗಿ ಕಾಣುತ್ತೆ ಅಂದುಬಿಡ್ತಾರೆ. ಹಿಡಿ ಯಾವ ಬದಿಗಿದೆ, ಹೊಸ್ತಿಲು, ನೆಲದ ಟೈಲ್ಸ್ ಹೇಗಿವೆ, ಇವನ್ನು ಹೇಳಿ. ಡೆಲಿವರಿ ಸ್ಕ್ಯಾನ್ ಆದ ಜಿಪಿಎಸ್ ಸ್ಥಳವನ್ನು ಕೊರಿಯರ್‌ನವರಿಗೆ ಇಮೇಲ್‌ನಲ್ಲೇ ಕೇಳಿ.

ಎಲ್ಲವನ್ನೂ ಮಾರಾಟಗಾರರಿಗೆ ಕಳಿಸಿ. ಆಗಲೂ ಒಪ್ಪದಿದ್ದರೆ, ಕಾರ್ಡ್‌ನಲ್ಲಿ ಪಾವತಿಸಿದ್ದರೆ ಬ್ಯಾಂಕಿನಲ್ಲಿ ‘ವಸ್ತು ತಲುಪಿಲ್ಲ’ ಎಂಬ ಕಾರಣಕ್ಕೇ ತಕರಾರು ಹಾಕಿ. ‘ಈ ವ್ಯವಹಾರ ನನ್ನದಲ್ಲ’ ಅಂತ ಆರಿಸಬೇಡಿ, ಖರೀದಿಸಿದ್ದು ನೀವೇ ಅಲ್ಲವೇ.