ಟಾಟಾ ಆಯಿಲ್ ಮಿಲ್ಸ್‌ನ ನೂರು ಷೇರು ಎಲ್ಲಿಗೆ ಹೋದವು?

ಪ್ರಶ್ನೆ: ಮೊಮ್ಮಗನೊಬ್ಬನಿಗೆ ತೀರಿಹೋದ ಅಜ್ಜನ ಹಳೆಯ ಷೇರು ಸರ್ಟಿಫಿಕೇಟ್ ಸಿಗುತ್ತದೆ, ಆ ಕಂಪನಿ ಏನಾಯಿತೆಂದು ಅವನು ಹುಡುಕುತ್ತಾ ಹೋಗುತ್ತಾನೆ. ಇದು ನಾನು ಬರೆಯುತ್ತಿರುವ ಸಣ್ಣಕಥೆ. ನಿಜವಾಗಿ ಹೀಗಾದರೆ ಅವನು ಏನೇನು ಮಾಡಬೇಕು? ಬಲ್ಲವರು ಓದಿದರೂ ತಪ್ಪು ಸಿಗಬಾರದು.

ಉತ್ತರ:

ನಾನು ಷೇರು ರಿಜಿಸ್ಟ್ರಾರ್ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಕಂಪನಿಗಳ ಪರವಾಗಿ ಷೇರುದಾರರ ಲೆಕ್ಕ ಇಡುವುದೇ ಈ ಕಚೇರಿಗಳ ಕೆಲಸ. ನಿಮ್ಮ ಕಥೆಯ ಮೊಮ್ಮಗನಂಥವರು ಕೊನೆಗೆ ಬಂದು ನಿಲ್ಲುವುದು ನಮ್ಮ ಕೌಂಟರಿನ ಮುಂದೆಯೇ. ಹಾಗಾಗಿ ಆ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಕಂಪನಿ ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಟಾಟಾ ಆಯಿಲ್ ಮಿಲ್ಸ್, ಅಂದರೆ ಟಾಮ್ಕೊ. 1917ರಲ್ಲಿ ಶುರುವಾದದ್ದು. ಕೊಚ್ಚಿಯ ಟಾಟಾಪುರಂನಲ್ಲಿ ಕೊಬ್ಬರಿ ಎಣ್ಣೆಯಿಂದ ಆರಂಭಿಸಿ 501 ಬಾರ್ ಸೋಪು, ಹಮಾಮ್ ತನಕ ಬೆಳೆದ ಕಂಪನಿ. ಅದರ ಹೆಸರು ಇವತ್ತು ಯಾವ ಷೇರುಪೇಟೆಯಲ್ಲೂ ಇಲ್ಲ, ಆದರೆ ಷೇರು ಯಾವ ದಾರಿಯಲ್ಲಿ ಹೋಯಿತು ಎಂಬುದನ್ನು ಕೊನೆಯವರೆಗೂ ಹಿಡಿದು ಹೇಳಬಹುದು. ಕಥೆಗೆ ಇಂಥದ್ದೇ ಬೇಕು. ಅಜ್ಜನ ಬಳಿ ನೂರು ಷೇರು ಇದ್ದವು ಅಂದುಕೊಳ್ಳೋಣ.

ಸರ್ಟಿಫಿಕೇಟನ್ನು ಮೊಮ್ಮಗನ ಕೈಗೆ ಕೊಟ್ಟ ಮೇಲೆ ಅವನು ಅದನ್ನು ಸಾವಕಾಶವಾಗಿ ಓದಲಿ. ಮುಂಭಾಗದಲ್ಲಿ ಕಂಪನಿಯ ಮೊಹರು, ನಿರ್ದೇಶಕರ ಸಹಿ, ಅಜ್ಜನ ಹೆಸರು, ಷೇರುಗಳ ಸಂಖ್ಯೆ ಇರುತ್ತವೆ. ಜೊತೆಗೆ ಮೂರು ಬಗೆಯ ನಂಬರುಗಳು: ಸರ್ಟಿಫಿಕೇಟ್ ನಂಬರು, ಫೋಲಿಯೊ ನಂಬರು, ಮತ್ತು ‘ಇಷ್ಟರಿಂದ ಇಷ್ಟರವರೆಗೆ’ ಎಂದು ಬರೆದ ಡಿಸ್ಟಿಂಕ್ಟಿವ್ ನಂಬರುಗಳು. ಪ್ರತಿ ಷೇರಿಗೂ ಒಂದೊಂದು ಡಿಸ್ಟಿಂಕ್ಟಿವ್ ನಂಬರು ಇರುತ್ತದೆ, ನೂರು ಷೇರಿಗೆ ನೂರು. ಫೋಲಿಯೊ ನಂಬರು ಕಂಪನಿಯ ರಿಜಿಸ್ಟರಿನಲ್ಲಿ ಅಜ್ಜನ ಪುಟ ಯಾವುದೆಂದು ಹೇಳುತ್ತದೆ. ಹುಡುಕಾಟಕ್ಕೆ ಎಲ್ಲಕ್ಕಿಂತ ಮುಖ್ಯ ಇದು.

ಆಮೇಲೆ ಅವನು ಹಾಳೆಯನ್ನು ಮಗುಚಬೇಕು. ಹಿಂಬದಿಯಲ್ಲಿ ಗೆರೆ ಎಳೆದ ಪಟ್ಟಿ ಇರುತ್ತದೆ. ತಾರೀಖು, ವರ್ಗಾವಣೆ ನಂಬರು, ಕೊಂಡವರ ಹೆಸರು, ಅಧಿಕಾರಿಯ ಚಿಕ್ಕ ಸಹಿ. ಬೇರೆಯವರಿಂದ ಕೊಂಡಿದ್ದರೆ ಅಜ್ಜನ ಹೆಸರು ಇಲ್ಲಿ ಕೊನೆಯ ಸಾಲಿನಲ್ಲಿರುತ್ತದೆ. ಅವರ ಹೆಸರಿನ ಕೆಳಗೆ ಇನ್ನೊಬ್ಬರ ಹೆಸರು ಇದ್ದರೆ ಕಥೆ ಅಲ್ಲಿಗೇ ಮುಗಿಯಿತು, ಷೇರು ಎಂದೋ ಕೈ ಬದಲಾಯಿಸಿದೆ. ಕೌಂಟರಿಗೆ ಬರುವವರಲ್ಲಿ ಬಹಳಷ್ಟು ಜನ ಈ ಬದಿಯನ್ನು ನೋಡಿಯೇ ಇರುವುದಿಲ್ಲ. ನಮ್ಮ ಗುಮಾಸ್ತರು ನೋಡುವುದು ಮಾತ್ರ ಮೊದಲು ಇದನ್ನೇ.

ಇನ್ನು ಕಂಪನಿಯ ಜಾಡು. ಈಗಿನ ಹುಡುಗ ಮೊದಲು ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡುತ್ತಾನೆ. ದಾಖಲೆಗಳು ಆನ್‌ಲೈನಿಗೆ ಬರುವ ಮೊದಲೇ ವಿಲೀನವಾದ ಕಂಪನಿ ಅಲ್ಲಿ ಸಿಗದೇ ಹೋಗಬಹುದು. ಸಿಗಲಿಲ್ಲ ಎಂದರೆ ಮುಳುಗಿಹೋಯಿತು ಎಂದು ಅರ್ಥವಲ್ಲ. ಕಂಪನಿಯನ್ನು ಬಿಟ್ಟು ಅದರ ಸರಕನ್ನು ಹಿಂಬಾಲಿಸಿದರೆ ದಾರಿ ತೆರೆಯುತ್ತದೆ. ಹಮಾಮ್ ಸೋಪು ಇವತ್ತಿಗೂ ಅಂಗಡಿಯಲ್ಲಿದೆ. ಹೊದಿಕೆಯ ಮೇಲೆ ಹಿಂದೂಸ್ತಾನ್ ಯೂನಿಲಿವರ್ ಎಂಬ ಹೆಸರಿದೆ. ಆ ಕಂಪನಿಯ ಚರಿತ್ರೆಯಲ್ಲಿ ಟಾಮ್ಕೊ ವಿಲೀನದ ಸಾಲೂ ಸಿಗುತ್ತದೆ.

ವಿಲೀನ ಲೆಕ್ಕಕ್ಕೆ ಬಂದದ್ದು 1993ರ ಏಪ್ರಿಲ್ 1ರಿಂದ, ಆಗಿನ ಹಿಂದೂಸ್ತಾನ್ ಲಿವರ್ ಜೊತೆ. ಟಾಮ್ಕೊದ 15 ಷೇರಿಗೆ ಲಿವರ್‌ನ 2 ಷೇರು ಎಂಬುದು ಒಪ್ಪಂದ. ಈ ಅನುಪಾತ ಅನ್ಯಾಯವೆಂದು ಕೆಲವು ಷೇರುದಾರರು ಕೋರ್ಟಿಗೆ ಹೋದರು, ನೌಕರರ ಸಂಘವೂ ವಿಲೀನವನ್ನು ವಿರೋಧಿಸಿತು. 1994ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ವಿಲೀನವನ್ನು ಎತ್ತಿಹಿಡಿಯಿತು. ಕಂಪನಿ ವಿಲೀನಗಳ ಬಗ್ಗೆ ಇವತ್ತಿಗೂ ಉಲ್ಲೇಖವಾಗುವ ತೀರ್ಪು ಅದು. ಮೊಮ್ಮಗ ಅದನ್ನು ಓದುವ ದೃಶ್ಯವೊಂದನ್ನು ಬರೆಯಿರಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಅಜ್ಜನ ನೂರು ಷೇರಿನ ಭವಿಷ್ಯದ ಬಗ್ಗೆ ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ವಾದ ನಡೆದಿದೆ. ಅಜ್ಜನಿಗೆ ಅದು ಗೊತ್ತಿತ್ತೋ ಇಲ್ಲವೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ಲೆಕ್ಕ. ನೂರನ್ನು 15ರಿಂದ ಭಾಗಿಸಿ 2ರಿಂದ ಗುಣಿಸಿದರೆ 13.33. ಮೂರನೇ ಒಂದು ಪಾಲು ಷೇರನ್ನು ಯಾರ ಹೆಸರಿಗೂ ಬರೆಯಲಾಗುವುದಿಲ್ಲ. ಸಾಮಾನ್ಯವಾಗಿ ಇಂಥ ಚೂರುಗಳನ್ನೆಲ್ಲ ಒಟ್ಟುಗೂಡಿಸಿ ಮಾರಿ, ಬಂದ ಹಣವನ್ನು ಹಂಚುತ್ತಾರೆ. ಅಲ್ಲಿಗೆ ಅಜ್ಜನಿಗೆ 13 ಷೇರು, ಜೊತೆಗೊಂದು ಚಿಕ್ಕ ಮೊತ್ತದ ಚೆಕ್ಕು. 2000ದಲ್ಲಿ ಲಿವರ್ ತನ್ನ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು ಒಂದು ರೂಪಾಯಿಯ ಹತ್ತು ಷೇರುಗಳಾಗಿ ಒಡೆಯಿತು. 13 ಹೋಗಿ 130 ಆಯಿತು. 2007ರಲ್ಲಿ ಕಂಪನಿಯ ಹೆಸರು ಹಿಂದೂಸ್ತಾನ್ ಯೂನಿಲಿವರ್ ಎಂದಾಯಿತು, ಷೇರಿನ ಸಂಖ್ಯೆಯಲ್ಲಿ ವ್ಯತ್ಯಾಸವಿಲ್ಲ. 2025ರ ಡಿಸೆಂಬರಿನಲ್ಲಿ ಐಸ್‌ಕ್ರೀಂ ವ್ಯವಹಾರ ಕ್ವಾಲಿಟಿ ವಾಲ್ಸ್ ಎಂಬ ಬೇರೆ ಕಂಪನಿಯಾಯಿತು, ಒಂದಕ್ಕೊಂದು ಲೆಕ್ಕದಲ್ಲಿ. ಅಂದರೆ 130 ಯೂನಿಲಿವರ್ ಷೇರಿನ ಜೊತೆಗೆ 130 ಐಸ್‌ಕ್ರೀಂ ಕಂಪನಿಯ ಷೇರು. ಅಜ್ಜ ಹಣ ಹಾಕಿದ್ದು ಎಣ್ಣೆ ಗಿರಣಿಗೆ!

ಬಹುತೇಕ ಕಥೆಗಾರರು ಇಲ್ಲಿಗೆ ನಿಲ್ಲಿಸಿ, ಮೊಮ್ಮಗನನ್ನು ಶ್ರೀಮಂತನನ್ನಾಗಿ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವನ ಕೈಯಲ್ಲಿರುವ ಟಾಮ್ಕೊ ಹಾಳೆ ವಿಲೀನದ ಜೊತೆಗೇ ರದ್ದಾಗಿದೆ. ಎಷ್ಟೋ ವಿಲೀನಗಳಲ್ಲಿ ಹಳೆಯ ಸರ್ಟಿಫಿಕೇಟನ್ನು ವಾಪಸ್ ಕೇಳದೆಯೇ ಹೊಸದನ್ನು ಅಂಚೆಯಲ್ಲಿ ಕಳಿಸಿಬಿಡುತ್ತಾರೆ. ಅಜ್ಜ ಹೊಸ ಸರ್ಟಿಫಿಕೇಟ್ ಪಡೆದು ಅದನ್ನು ಮಾರಿ ಮಗಳ ಮದುವೆಯನ್ನೋ ಮನೆಯ ಸಾಲವನ್ನೋ ತೀರಿಸಿರಬಹುದು, ಹಳೆಯ ಹಾಳೆ ಪೆಟ್ಟಿಗೆಯಲ್ಲೇ ಉಳಿದಿರಬಹುದು. ಹೀಗಾದದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಸತ್ಯ ತಿಳಿಯುವುದು ಒಂದೇ ಕಡೆ, ಈಗಿನ ಕಂಪನಿಯ ಷೇರುದಾರರ ರಿಜಿಸ್ಟರಿನಲ್ಲಿ.

ಯೂನಿಲಿವರ್‌ನ ರಿಜಿಸ್ಟರ್ ನೋಡಿಕೊಳ್ಳುವುದು ಕೆಫಿನ್ ಟೆಕ್ನಾಲಜೀಸ್. ಮೊಮ್ಮಗ ಹಳೆಯ ಸರ್ಟಿಫಿಕೇಟಿನ ಎರಡೂ ಬದಿಯ ಪ್ರತಿ, ಅಜ್ಜನ ಮರಣ ಪ್ರಮಾಣಪತ್ರ, ಮತ್ತು ಅಜ್ಜ ವಾಸವಾಗಿದ್ದ ಎಲ್ಲ ಹಳೆಯ ವಿಳಾಸಗಳನ್ನು ಬರೆದು ಅಲ್ಲಿಗೆ ಕಳಿಸಬೇಕು. ವಿಳಾಸ ಏಕೆಂದರೆ, ವಿಲೀನದ ಹೊತ್ತಿಗೆ ಮನೆ ಬದಲಾಗಿದ್ದರೆ ಹೊಸ ಸರ್ಟಿಫಿಕೇಟ್ ಬಟವಾಡೆಯಾಗದೆ ಮರಳಿರುತ್ತದೆ. ಲಾಭಾಂಶದ ಚೆಕ್ಕುಗಳ, ಅಂದರೆ ಡಿವಿಡೆಂಡ್ ವಾರಂಟುಗಳ ಗತಿಯೂ ಅದೇ. ಹೆಸರಿನದು ಇನ್ನೊಂದು ತೊಡಕು. ಸರ್ಟಿಫಿಕೇಟಿನಲ್ಲಿ ಇನಿಷಿಯಲ್, ಮರಣ ಪತ್ರದಲ್ಲಿ ಪೂರ್ತಿ ಹೆಸರು, ಇನ್ನೊಂದು ಕಡೆ ಮನೆತನದ ಹೆಸರು. ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕಾಗುತ್ತದೆ.

ಅಜ್ಜ ಮಾರಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗ ಉತ್ತರ ಹೀಗೆ ಬರುತ್ತದೆ: ಷೇರುಗಳಿವೆ, ಆದರೆ ಕಂಪನಿಯಲ್ಲಿಲ್ಲ. ಸತತ ಏಳು ವರ್ಷ ಡಿವಿಡೆಂಡನ್ನು ಯಾರೂ ಪಡೆಯದಿದ್ದರೆ ಆ ಷೇರುಗಳನ್ನೇ ಸರಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗಾಯಿಸಬೇಕೆಂದು 2013ರ ಕಂಪನಿ ಕಾಯ್ದೆಯ 124ನೇ ಸೆಕ್ಷನ್ ಹೇಳುತ್ತದೆ. ಅದರ ನಿಯಮಗಳು ಜಾರಿಗೆ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ನಿಧಿಗೆ ಹೋದದ್ದು ಮುಟ್ಟುಗೋಲಾದ ಹಾಗಲ್ಲ, ವಾರಸುದಾರರು ಕೇಳಿದರೆ ಮರಳಿ ಬರುತ್ತದೆ. ನಿಧಿಯ ವೆಬ್‌ಸೈಟು iepf.gov.in.

ನಿಮ್ಮ ಕಥೆಯ ಜೀವ ಇರುವುದು ಇದರ ನಂತರದ ಹಂತದಲ್ಲಿ ಎಂದು ನನಗೆ ಅನ್ನಿಸುತ್ತದೆ. ಕೇಳುವ ಹಕ್ಕು ಯಾರದು? ಹಾಳೆ ಸಿಕ್ಕಿದ್ದು ಮೊಮ್ಮಗನಿಗೆ, ಓಡಾಡಿದ್ದೂ ಅವನೇ. ಆದರೆ ಉಯಿಲು ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಪ್ಪ ಬದುಕಿರುವ ತನಕ ಮೊಮ್ಮಗನಿಗೆ ಈ ಷೇರಿನಲ್ಲಿ ಪಾಲೇ ಇಲ್ಲ. ಹಕ್ಕು ಅಜ್ಜಿಯದು, ಅಪ್ಪನದು, ಚಿಕ್ಕಪ್ಪನದು, ಅತ್ತೆಯರದು. ಅಪ್ಪ ತೀರಿಕೊಂಡಿದ್ದರೆ ಮಾತ್ರ ಆ ಪಾಲಿಗೆ ಅವನು, ಅವನ ಒಡಹುಟ್ಟಿದವರು, ಅವನ ಅಮ್ಮ ಬರುತ್ತಾರೆ. ಕಾಗದದ ಷೇರಿನ ಮೌಲ್ಯ ಒಂದು ಕಂಪನಿಗೆ 5 ಲಕ್ಷ ರೂಪಾಯಿಯ ಒಳಗಿದ್ದರೆ ವಂಶವೃಕ್ಷ ಅಥವಾ ವಾರಸಾ ಪ್ರಮಾಣಪತ್ರ, ಮುಂದೆ ತಕರಾರು ಬಂದರೆ ನಷ್ಟ ತುಂಬಿಕೊಡುತ್ತೇವೆ ಎಂಬ ಇಂಡೆಮ್ನಿಟಿ ಬಾಂಡು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಸಾಕಾಗುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ವಾರಸುದಾರರು ಯಾರೆಂದು ಹೇಳುವ ಸಕ್ಸೆಶನ್ ಸರ್ಟಿಫಿಕೇಟನ್ನು ಸಿವಿಲ್ ಕೋರ್ಟಿನಿಂದ ತರಬೇಕಾಗಿ ಬರಬಹುದು.

ಒಪ್ಪಿಗೆ ಪತ್ರಕ್ಕೆ ಎಲ್ಲರೂ ಸಹಿ ಹಾಕಬೇಕು. ಮಾತು ಬಿಟ್ಟ ಅತ್ತೆಯೂ ಹಾಕಬೇಕು. ನಾನು ನೋಡಿದ ಕಡತಗಳಲ್ಲಿ ಅತಿ ಹೆಚ್ಚು ಕಾಲ ಬಿದ್ದಿರುತ್ತಿದ್ದವು ಇಂಥ ಒಂದು ಸಹಿ ಬಾಕಿಯಿದ್ದವೇ. ಹಣದ ಆಸೆಗೆ ಜಗಳ ಎನ್ನುವುದಕ್ಕಿಂತ, ಅಪ್ಪ ಇದನ್ನು ನನಗೇಕೆ ಹೇಳಲಿಲ್ಲ ಎಂಬ ನೋವು ಹೆಚ್ಚು. ಷೇರು ಕೊಂಡ ವರ್ಷ ಯಾವುದು, ಆಗ ಮನೆಯಲ್ಲಿ ಯಾರಿಗೆ ಏನು ಬೇಕಿತ್ತು, ಯಾರ ಓದು ನಿಂತಿತು, ಎಲ್ಲವೂ ಆ ತಾರೀಖಿನ ಸುತ್ತ ಏಳುತ್ತದೆ. ಸರ್ಟಿಫಿಕೇಟಿನ ತಾರೀಖನ್ನು ನೀವು ಈ ಎಚ್ಚರದಿಂದ ಆರಿಸಿಕೊಳ್ಳಬೇಕು.

ಸಹಿಗಳೆಲ್ಲ ಸೇರಿದ ಮೇಲಿನದು ಉದ್ದದ ಆದರೆ ನೇರ ದಾರಿ. ದಾಖಲೆ ಪರಿಶೀಲಿಸಿ ಕಂಪನಿ ಅರ್ಹತಾ ಪತ್ರ ಕೊಡುತ್ತದೆ. ಅದನ್ನಿಟ್ಟು ನಿಧಿಗೆ ಐಇಪಿಎಫ್-5 ಎಂಬ ಫಾರಂ ಸಲ್ಲಿಸಬೇಕು. ಕಂಪನಿ ತನ್ನ ಪರಿಶೀಲನಾ ವರದಿ ಕಳಿಸಿದ ಮೇಲೆ ನಿಧಿಯ ಪ್ರಾಧಿಕಾರ ಒಪ್ಪಿದರೆ, ಷೇರು ಅರ್ಜಿದಾರರ ಡಿಮ್ಯಾಟ್ ಖಾತೆಗೆ, ನಿಧಿಯಲ್ಲಿದ್ದ ಡಿವಿಡೆಂಡ್ ಬ್ಯಾಂಕಿಗೆ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಒಂದು ಅಕ್ಷರ ಹೊಂದದಿದ್ದರೆ ಅರ್ಜಿ ಹಿಂದಕ್ಕೆ ಬರುತ್ತದೆ. ಮತ್ತೆ ಹೊಸ ಸರ್ಟಿಫಿಕೇಟ್ ಕಾಗದದಲ್ಲಿ ಕೈಗೆ ಬರುವ ದೃಶ್ಯ ಬರೆಯಬೇಡಿ, ಆ ಕಾಲ ಹೋಯಿತು. ಅಜ್ಜನ ಹೆಸರು ಮುದ್ರಿಸಿದ ಹಾಳೆ ಆ ಹಳೆಯದೊಂದೇ.

ಕೊನೆಗೆ, ಕಥೆ ಯಾವ ವರ್ಷದಲ್ಲಿ ನಡೆಯುತ್ತದೆ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. 2016ಕ್ಕಿಂತ ಹಿಂದೆ ಇಟ್ಟರೆ ಷೇರು ನಿಧಿಗೆ ಹೋಗಿರುವುದಿಲ್ಲ, ಮೊಮ್ಮಗನ ವ್ಯವಹಾರ ರಿಜಿಸ್ಟ್ರಾರ್ ಜೊತೆ ಮಾತ್ರ. 2007ಕ್ಕಿಂತ ಹಿಂದಾದರೆ ಅವನು ಹುಡುಕಿ ತಲುಪುವ ಹೆಸರು ಹಿಂದೂಸ್ತಾನ್ ಲಿವರ್. ಐಸ್‌ಕ್ರೀಂ ಷೇರು ಬೇಕೆಂದಿದ್ದರೆ 2025ರ ಡಿಸೆಂಬರ್ ದಾಟಿರಬೇಕು.